ಹಾಡು ನೆನಪು ಕೆಡಿಸಲಿಲ್ಲವೋ, ಪಟ್ಟಿಯೇ ಸುಲಭವಾಗಿತ್ತೋ?

ಪ್ರಶ್ನೆ: ಮೇಡಂ, ನಾನು ಬೆಂಗಳೂರಿನಲ್ಲಿ ಮನಶ್ಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡುತ್ತಿದ್ದೇನೆ. ಸಂಶೋಧನಾ ವಿಧಾನದ ಪೇಪರಿಗೆ ಒಂದು ಪ್ರಯೋಗ ಮಾಡಿದೆ. ಹಾಡು ಕೇಳುತ್ತಾ ಓದಿದರೆ ನೆನಪು ಕಡಿಮೆಯಾಗುತ್ತದೆ ಅನ್ನುವುದು ನನ್ನ ಊಹೆ. ಬೆಳಿಗ್ಗೆ 20 ಜನಕ್ಕೆ ಹಾಡಿಲ್ಲದೆ, ಮಧ್ಯಾಹ್ನ ಬೇರೆ 20 ಜನಕ್ಕೆ ಸಿನಿಮಾ ಹಾಡು ಹಾಕಿ, 15 ಪದ ತೋರಿಸಿ, ನೆನಪಿದ್ದಷ್ಟನ್ನು ಬರೆಸಿದೆ. ಸರಾಸರಿ 13.4 ಮತ್ತು 13.1 ಬಂತು. ವ್ಯತ್ಯಾಸವೇ ಇಲ್ಲ. ಬೆಳಿಗ್ಗೆ ಹೊರಗೆ ರಾಜ್ಯೋತ್ಸವದ ಮೆರವಣಿಗೆ ಹೋಯಿತು. ಕಿಟಕಿ ಪಕ್ಕ ಕೂತಿದ್ದ ಮೂವರು ಅದನ್ನೇ ನೋಡುತ್ತಿದ್ದರು, ಮೂವರಿಗೂ ಬರೀ 10. ಅವರನ್ನು ಬಿಟ್ಟರೆ ಪಿ ವ್ಯಾಲ್ಯೂ 0.03 ಬರುತ್ತೆ, ಅಂದರೆ ಹಾಡಿನಿಂದ ಏನೂ ಆಗದಿದ್ದರೂ ಆಕಸ್ಮಿಕವಾಗಿ ಇಷ್ಟು ವ್ಯತ್ಯಾಸ ಬರುವ ಸಾಧ್ಯತೆ ನೂರಕ್ಕೆ ಮೂರು ಮಾತ್ರ. ಬಿಡಬಹುದಾ? ಈಗ ಮೇಷ್ಟ್ರು ವಿಫಲವಾದ ಪ್ರಯೋಗದ ಬಗ್ಗೆ 800 ಪದಗಳ ಪ್ರತಿಫಲನ ಪ್ರಬಂಧ ಕೇಳಿದ್ದಾರೆ. ತಪ್ಪೊಪ್ಪಿಗೆಯ ಹಾಗೆ ಬರೆಯಬೇಕಾ? ಪದಗಳ ಪಟ್ಟಿ, ಅಂಕಗಳ ಹಾಳೆ, ಕೂತ ಜಾಗದ ನಕ್ಷೆ ಜೊತೆಗಿಟ್ಟಿದ್ದೇನೆ.

ಉತ್ತರ: ಮೂವರನ್ನು ಬಿಡಬೇಡಿ. ತಪ್ಪೊಪ್ಪಿಗೆಯೂ ಬೇಡ. ಮೇಷ್ಟ್ರು ಕೇಳುತ್ತಿರುವುದು ನಿಮ್ಮ ಬೇಜಾರನ್ನಲ್ಲ. ಇನ್ನೊಂದು ಮಾತು ಈಗಲೇ ಹೇಳಿಬಿಡುತ್ತೇನೆ. ಪ್ರಬಂಧದ ಮೊದಲ ಪ್ಯಾರಾದಲ್ಲಿ ಎಡಿಸನ್ ಮತ್ತು ಅವನ ಬಲ್ಬು ಇದ್ದರೆ ಅಳಿಸಿಬಿಡಿ. ಇಪ್ಪತ್ತು ವರ್ಷ ಈ ಪೇಪರಿನ ಉತ್ತರಗಳನ್ನು ತಿದ್ದಿದ್ದೇನೆ, ಅರ್ಧಕ್ಕರ್ಧ ಮಕ್ಕಳು ಆ ಬಲ್ಬು ಹೊತ್ತಿಸಿಕೊಂಡೇ ಶುರು ಮಾಡುತ್ತಾರೆ.

ನೀವು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ. ಹಾಡು ನಿಜವಾಗಿಯೂ ನೆನಪನ್ನು ಕೆಡಿಸುತ್ತದೆ ಅಂತಲೇ ಇಟ್ಟುಕೊಳ್ಳಿ. ಹಾಗಿದ್ದರೆ ನಿಮ್ಮ ಪ್ರಯೋಗದ ಕಣ್ಣಿಗೆ ಅದು ಬೀಳುತ್ತಿತ್ತಾ? ಬೀಳುತ್ತಿತ್ತು ಅಂತಾದರೆ, ವ್ಯತ್ಯಾಸ ಬರಲಿಲ್ಲ ಅನ್ನುವುದೇ ಒಂದು ಒಳ್ಳೆಯ ಫಲಿತಾಂಶ, ಪ್ರಯೋಗ ಸೋತಿಲ್ಲ. ಬೀಳುತ್ತಿರಲಿಲ್ಲ ಅಂತಾದರೆ ಮಾತ್ರ ಪ್ರಯೋಗ ಸೋತಿದೆ. ಎಲ್ಲಿ ಸೋತಿತು ಅನ್ನುವುದು ನೀವು ಕಳಿಸಿದ ಹಾಳೆಯಲ್ಲೇ ಇದೆ. ನೀವು ಸರಾಸರಿ ನೋಡಿದ ತಕ್ಷಣ ಹಾಳೆ ಮುಚ್ಚಿಟ್ಟಿದ್ದೀರಿ ಅಂತ ಕಾಣುತ್ತದೆ.

ನಾನು ಮೊದಲು ಮಾಡಿದ್ದು ನಲವತ್ತು ಅಂಕಗಳನ್ನು ಒಂದು ಕಾಗದದ ಮೇಲೆ ಸಾಲಾಗಿ ಬರೆದುಕೊಂಡದ್ದು. 15ಕ್ಕೆ 15 ತೆಗೆದವರು 11 ಜನ. 14 ತೆಗೆದವರು 9. 13ಕ್ಕೆ 8 ಜನ, 12ಕ್ಕೆ 6, 11ಕ್ಕೆ 3, 10ಕ್ಕೆ 3. ಹತ್ತಕ್ಕಿಂತ ಕೆಳಗೆ ಯಾರೂ ಇಲ್ಲ. ಅಂದರೆ ನಲವತ್ತರಲ್ಲಿ ಇಪ್ಪತ್ತು ಜನ ಮೇಲಿನ ಎರಡೇ ಮೆಟ್ಟಿಲಲ್ಲಿ ಒತ್ತೊತ್ತಿಕೊಂಡು ನಿಂತಿದ್ದಾರೆ. ಬೆಳಗಿನ ಗುಂಪಿನಲ್ಲೇ ಏಳು ಜನಕ್ಕೆ ಪೂರ್ತಿ ಅಂಕ.

ಇದಕ್ಕೆ ಸೀಲಿಂಗ್ ಎಫೆಕ್ಟ್ ಅನ್ನುತ್ತಾರೆ. ಪಾಠದಲ್ಲಿ ಓದಿರುತ್ತೀರಿ, ಆದರೆ ನಮ್ಮದೇ ಹಾಳೆಯಲ್ಲಿ ಬಂದಾಗ ಗುರುತು ಸಿಗುವುದಿಲ್ಲ. 15 ಪದ ಮಾತ್ರ ನೆನಪಿಡಬಲ್ಲವರಿಗೂ 15, 25 ಪದ ನೆನಪಿಡಬಲ್ಲವರಿಗೂ 15. ಹಾಡು ಹಾಕಿದ್ದರಿಂದ ಎರಡನೆಯವರ ಶಕ್ತಿ 25ರಿಂದ 18ಕ್ಕೆ ಇಳಿದಿದ್ದರೂ ನಿಮ್ಮ ಹಾಳೆಯಲ್ಲಿ ಅವರಿಗೆ 15 ಅಂತಲೇ ಬರೆದಿರುತ್ತದೆ. ಹಾನಿ ಆಗಿದೆ, ಆದರೆ ಅದನ್ನು ಬರೆದುಕೊಳ್ಳಲು ನಿಮ್ಮ ಹಾಳೆಯಲ್ಲಿ ಜಾಗವಿಲ್ಲ.

ಪದ 15 ಇದ್ದದ್ದಷ್ಟೇ ಇದಕ್ಕೆ ಕಾರಣವಲ್ಲ. ನಿಮ್ಮ ಪಟ್ಟಿ ನೋಡಿ ನನಗೆ ನಗು ಬಂತು, ತಪ್ಪು ತಿಳಿಯಬೇಡಿ. ಇಡ್ಲಿ, ಲಾರಿ, ಹಲಸು, ಚಟ್ನಿ, ಆಟೋ, ಸೀಬೆ, ದೋಸೆ, ರೈಲು, ಮಾವು, ಸಾಂಬಾರ್, ಬಸ್ಸು, ಬಾಳೆ, ಕಾಫಿ, ಸೈಕಲ್, ದಾಳಿಂಬೆ. ಕಲಸಿದ್ದೀರಿ ನಿಜ, ಆದರೆ ಇದರಲ್ಲಿ ಇರುವುದು ಹದಿನೈದು ಪದವಲ್ಲ. ಒಂದು ದರ್ಶಿನಿ, ಒಂದು ರಸ್ತೆ, ಒಂದು ಹಣ್ಣಿನ ಗಾಡಿ. ಬೆಂಗಳೂರಿನ ಯಾವ ಹುಡುಗಿಯಾದರೂ ಇಡ್ಲಿ ಅಂತ ಬರೆದ ಮೇಲೆ ಚಟ್ನಿ, ಸಾಂಬಾರ್ ತಾವಾಗಿಯೇ ಪೆನ್ನಿಗೆ ಇಳಿಯುತ್ತವೆ. ಕೆಲವನ್ನು ನೆನಪಿಟ್ಟಿರದೆ ಸುಮ್ನೆ ಊಹಿಸಿ ಬರೆದಿದ್ದರೂ ನಿಮಗೆ ಗೊತ್ತಾಗುವುದಿಲ್ಲ.

ಇದು ಹಳೆಯ ಸಂಗತಿ. 1953ರಲ್ಲಿ ಬೌಸ್‌ಫೀಲ್ಡ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞ ನಾಲ್ಕು ವರ್ಗಗಳ 60 ಪದಗಳನ್ನು ಕಲಸಿ ಕೊಟ್ಟರು. ಪ್ರಾಣಿಗಳು, ಜನರ ಹೆಸರು, ಕಸುಬು, ತರಕಾರಿ. ಕೊಟ್ಟದ್ದು ಕಲಸಿ, ಆದರೆ ಜನ ಹಿಂದಿರುಗಿಸಿದ್ದು ಗೊಂಚಲು ಗೊಂಚಲಾಗಿ. ಪ್ರಾಣಿಗಳೆಲ್ಲ ಒಂದು ಕಡೆ, ತರಕಾರಿ ಒಂದು ಕಡೆ. ನಿಮ್ಮ 40 ಉತ್ತರ ಪತ್ರಿಕೆ ಇನ್ನೂ ಇದ್ದರೆ, ಜನ ಪದಗಳನ್ನು ಯಾವ ಸಾಲಿನಲ್ಲಿ ಬರೆದಿದ್ದಾರೆ ನೋಡಿ. ಇಡ್ಲಿ, ದೋಸೆ, ಚಟ್ನಿ ಒಟ್ಟಿಗೆ ಬಂದಿದ್ದರೆ ನಾನು ಹೇಳಿದ್ದು ನಿಜ ಅಂತ ನಿಮ್ಮದೇ ಸಾಕ್ಷಿ ಸಿಗುತ್ತದೆ. ಪ್ರಬಂಧದಲ್ಲಿ ಪಟ್ಟಿ ಸುಲಭವಿತ್ತು ಅಂತ ಬರೀ ಬಾಯಿಮಾತಿನಲ್ಲಿ ಹೇಳುವುದಕ್ಕೂ, 40 ಹಾಳೆಯಲ್ಲಿ ಇಷ್ಟು ಹಾಳೆಗಳಲ್ಲಿ ತಿಂಡಿಯ ಐದೂ ಪದ ಒಂದರ ಹಿಂದೆ ಒಂದು ಬಂದಿವೆ ಅಂತ ಎಣಿಸಿ ಹೇಳುವುದಕ್ಕೂ ತುಂಬಾ ವ್ಯತ್ಯಾಸ ಇದೆ. ಅರ್ಧ ಗಂಟೆಯ ಕೆಲಸ.

ಈ ಸೀಲಿಂಗ್ ಅನ್ನು ಮೊದಲೇ ಹಿಡಿಯಬಹುದಿತ್ತು. ಐದಾರು ಗೆಳೆಯರನ್ನು ಕ್ಯಾಂಟೀನಿನಲ್ಲಿ ಕೂರಿಸಿ, ಹಾಡಿಲ್ಲದೆ ಪಟ್ಟಿ ತೋರಿಸಿ ಬರೆಸಿದ್ದರೆ ಸಾಕಿತ್ತು. ಎಲ್ಲರೂ 13, 14 ಅಂದಿದ್ದರೆ ಅಲ್ಲೇ ನಿಲ್ಲಿಸಿ ಪಟ್ಟಿ ಬದಲಾಯಿಸಬಹುದಿತ್ತು. ಪೈಲಟ್ ಅಂದರೆ ಇಷ್ಟೇ. ನಮ್ಮ ಮಕ್ಕಳು ಪೈಲಟ್‌ನಲ್ಲೂ ಊಹೆ ಸರಿಯಾ ಅಂತ ನೋಡಲು ಹೋಗುತ್ತಾರೆ. ಆರು ಜನರಲ್ಲಿ ಅದು ಗೊತ್ತಾಗುವುದಿಲ್ಲ. ಅಂಕಗಳು ಅಳತೆಯ ಮಧ್ಯದಲ್ಲಿ ಬೀಳುತ್ತಿವೆಯಾ, ಮೇಲಕ್ಕೂ ಕೆಳಕ್ಕೂ ಜಾಗ ಇದೆಯಾ ಅನ್ನುವುದು ಮಾತ್ರ ಗೊತ್ತಾಗುತ್ತದೆ.

ಈಗ ಕಿಟಕಿ ಪಕ್ಕದ ಮೂವರ ಕಥೆಗೆ ಬರೋಣ. ನಿಮ್ಮ ಪತ್ರದಲ್ಲಿ ನನಗೆ ತುಂಬಾ ಹಿಡಿಸಿದ ಭಾಗ ಇದು, ಏಕೆಂದರೆ ಮುಚ್ಚಿಡದೆ ಕೇಳಿದ್ದೀರಿ.

ನಿಮ್ಮ ನಕ್ಷೆಯ ಪ್ರಕಾರ ಬೆಳಿಗ್ಗೆ ಕಿಟಕಿ ಸಾಲಿನಲ್ಲಿ ಕೂತವರು ಮೂವರಲ್ಲ, ಆರು ಜನ. ಅವರ ಅಂಕ 10, 10, 10, 14, 15, 15. ಡೊಳ್ಳು ಆರೂ ಜನರ ಕಿವಿಗೆ ಒಂದೇ ಹತ್ತಿರದಲ್ಲಿ ಬಡಿಯಿತು. ನೀವು ಗಮನ ಕೊಡಲಿಲ್ಲ ಅಂತ ಗುರುತು ಹಾಕಿದ್ದು ಮೂವರಿಗೆ. ಯಾವಾಗ ಹಾಕಿದಿರಿ? ಅಂಕ ನೋಡುವ ಮೊದಲಾ, ನೋಡಿದ ಮೇಲಾ? 15 ತೆಗೆದ ಇಬ್ಬರೂ ಕಿಟಕಿಯ ಹೊರಗೆ ನೋಡಿರಬಹುದು, ಆದರೆ ಅವರ ಅಂಕ ಚೆನ್ನಾಗಿರುವುದರಿಂದ ನಿಮಗೆ ಅದು ನೆನಪಿನಲ್ಲಿ ಉಳಿದಿಲ್ಲ, ಅಲ್ವಾ?

ಲೆಕ್ಕ ಹಾಕಿ ನೋಡಿದೆ. 40 ಜನರನ್ನೂ ಇಟ್ಟುಕೊಂಡರೆ ಪಿ ವ್ಯಾಲ್ಯೂ 0.55. ಮೂವರನ್ನು ಬಿಟ್ಟರೆ ಬೆಳಗಿನ ಗುಂಪಿನ ಸರಾಸರಿ 14.0ಕ್ಕೆ ಏರುತ್ತದೆ, ನೀವು ಹೇಳಿದ 0.03 ಬರುತ್ತದೆ. ಮೆರವಣಿಗೆಯೇ ಕಾರಣ ಅಂತ ನ್ಯಾಯವಾಗಿ ಆರೂ ಜನರನ್ನು ಬಿಟ್ಟರೆ ಸರಾಸರಿ 13.9, ಪಿ ವ್ಯಾಲ್ಯೂ 0.10. ಒಂದೇ ಬೆಳಿಗ್ಗೆ, ಒಂದೇ ಕೋಣೆ, ಮೂರು ಉತ್ತರ. ಈ ಮೂರರಲ್ಲಿ ಒಂದನ್ನು ಆರಿಸಿಕೊಳ್ಳುವ ಅಧಿಕಾರ ಫಲಿತಾಂಶ ನೋಡಿದವರ ಕೈಯಲ್ಲಿದ್ದರೆ, ಯಾವುದನ್ನು ಆರಿಸುತ್ತಾರೆ ಅಂತ ಹೇಳಬೇಕಾ? ನೀವು ಮೋಸ ಮಾಡುತ್ತಿದ್ದೀರಿ ಅಂತಲ್ಲ. ಮೂವರನ್ನು ಬಿಡಲು ನಿಮ್ಮ ಬಳಿ ಇದ್ದ ಕಾರಣವೂ ಒಳ್ಳೆಯದೇ. ಬಿಡುವವರು ಯಾವಾಗಲೂ ಒಳ್ಳೆಯ ಕಾರಣದಿಂದಲೇ ಬಿಡುತ್ತಾರೆ.

2011ರಲ್ಲಿ ಸಿಮನ್ಸ್, ನೆಲ್ಸನ್, ಸೈಮನ್‌ಸನ್ ಅನ್ನುವ ಮೂವರು ಸಂಶೋಧಕರು ಇದನ್ನು ತಮಾಷೆಯಾಗಿ ಮಾಡಿ ತೋರಿಸಿದರು. ಕಾಲೇಜು ಮಕ್ಕಳಿಗೆ ಒಂದು ಹಾಡು ಕೇಳಿಸಿ, ಆಮೇಲೆ ಅವರ ವಯಸ್ಸು ಕೇಳಿದರು. ಎಷ್ಟು ಜನರ ಮಾಹಿತಿ ತೆಗೆದುಕೊಳ್ಳಬೇಕು, ಯಾವ ಅಂಶವನ್ನು ಲೆಕ್ಕಕ್ಕೆ ಸೇರಿಸಬೇಕು ಅನ್ನುವುದನ್ನೆಲ್ಲ ಮಾಹಿತಿ ನೋಡುತ್ತಾ ನೋಡುತ್ತಾ ತೀರ್ಮಾನಿಸಿದರು. ಕೊನೆಗೆ ಆ ಹಾಡು ಕೇಳಿದವರು ಸುಮಾರು ಒಂದೂವರೆ ವರ್ಷ ಚಿಕ್ಕವರಾದರು ಅಂತ ಪಿ ವ್ಯಾಲ್ಯೂ ಸಮೇತ ಬಂತು. ಹಾಡು ಕೇಳಿದರೆ ಹುಟ್ಟಿದ ತಾರೀಖು ಬದಲಾಗುವುದಿಲ್ಲ ಅಂತ ಎಲ್ಲರಿಗೂ ಗೊತ್ತು, ಅದಕ್ಕೇ ಆ ಉದಾಹರಣೆ ತೆಗೆದುಕೊಂಡರು. ನಿಮ್ಮ ಊಹೆ ಹಾಗೆ ಅಸಂಬದ್ಧವಾಗಿ ಕಾಣುವುದಿಲ್ಲ, ಆದ್ದರಿಂದ ಅಪಾಯ ಜಾಸ್ತಿ.

ಹಾಗಾದರೆ ಯಾರನ್ನೂ ಯಾವತ್ತೂ ಬಿಡಬಾರದಾ? ಬಿಡಬಹುದು, ನಿಯಮವನ್ನು ಮೊದಲೇ ಬರೆದಿಟ್ಟಿದ್ದರೆ. ಪದ ತೋರಿಸುವಾಗ ಹೊರಗಿನಿಂದ ಜೋರು ಶಬ್ದ ಬಂದರೆ ಆ ಸುತ್ತನ್ನೇ ಪೂರ್ತಿ ರದ್ದು ಮಾಡಿ ಇನ್ನೊಂದು ದಿನ ಮಾಡುತ್ತೇನೆ ಅಂತ ಒಂದು ಸಾಲು ಇದ್ದಿದ್ದರೆ, ಮೆರವಣಿಗೆ ಬಂದ ಕೂಡಲೇ ನಿಲ್ಲಿಸಬಹುದಿತ್ತು. ಯಾರ ಅಂಕ ಎಷ್ಟು ಅಂತ ಆಗ ಇನ್ನೂ ಯಾರಿಗೂ ಗೊತ್ತಿರುವುದಿಲ್ಲ. ಬೆಂಗಳೂರಿನಲ್ಲಿ ನವೆಂಬರ್ 1 ಒಂದು ದಿನದ ಹಬ್ಬವಲ್ಲ, ಇಡೀ ತಿಂಗಳಿನದು. ಬೀದಿಗೊಂದು ಸಂಘ, ಸಂಘಕ್ಕೊಂದು ಭುವನೇಶ್ವರಿಯ ಮೆರವಣಿಗೆ. ಈ ಊರಲ್ಲಿ ನವೆಂಬರಿನಲ್ಲಿ ಮೌನದ ಗುಂಪು ಇಡುವವರು ಆ ಸಾಲನ್ನು ಮೊದಲು ಬರೆದುಕೊಳ್ಳಬೇಕು.

ಇನ್ನೊಂದು ವಿಷಯ ನೀವು ಗಮನಿಸಿದಂತಿಲ್ಲ. ಮೆರವಣಿಗೆಯಿಂದ ಹಾಳಾದದ್ದು ಮೂವರ ಅಂಕ ಮಾತ್ರ ಅಲ್ಲ, ಪ್ರಯೋಗದ ಹೋಲಿಕೆಯೇ. ನೀವು ಹಾಡು ಮತ್ತು ಮೌನವನ್ನು ಹೋಲಿಸಲು ಹೊರಟಿರಿ. ನಿಜವಾಗಿ ಹೋಲಿಸಿದ್ದು ಹಾಡು ಮತ್ತು ಡೊಳ್ಳನ್ನು. ಫ್ಯಾನಿನ ಹಾಗೆ ಒಂದೇ ಸಮನೆ ಬರುವ ಶಬ್ದ ಇಂಥ ಕೆಲಸಕ್ಕೆ ಅಷ್ಟಾಗಿ ಅಡ್ಡಿ ಮಾಡುವುದಿಲ್ಲ. ಏರಿಳಿಯುವ, ಕ್ಷಣ ಕ್ಷಣಕ್ಕೂ ಬದಲಾಗುವ ಶಬ್ದ ಅಡ್ಡಿ ಮಾಡುತ್ತದೆ. ಜೋನ್ಸ್ ಮತ್ತು ಮ್ಯಾಕನ್ 1993ರಲ್ಲಿ ಮಾತೇ ಇಲ್ಲದ ಬರೀ ಸ್ವರಗಳು ಕೂಡ, ಬದಲಾಗುತ್ತಾ ಹೋದರೆ, ನೆನಪಿಗೆ ತೊಂದರೆ ಕೊಡುತ್ತವೆ ಅಂತ ತೋರಿಸಿದರು. ಡೊಳ್ಳಿನ ಪೆಟ್ಟು, ಧ್ವನಿವರ್ಧಕದ ಘೋಷಣೆ ಎರಡೂ ಬದಲಾಗುವ ಶಬ್ದಗಳೇ. ಹಾಗಾಗಿ ಆ ಮೂವರ 10 ನಿಮ್ಮ ಊಹೆಗೆ ವಿರುದ್ಧವಾಗಿ ನಿಂತಿದೆ ಅಂತ ತಿಳಿಯಬೇಡಿ, ಒಂದು ಲೆಕ್ಕದಲ್ಲಿ ಅದರ ಪರವಾಗಿಯೇ ಇರಬಹುದು. ಆದರೆ ಇದನ್ನೂ ಸಾಬೀತಾಯಿತು ಅಂತ ಬರೆಯಬೇಡಿ. ಪಕ್ಕದಲ್ಲೇ ಕೂತ ಇಬ್ಬರಿಗೆ 15 ಬಂದಿದೆ. ಮುಂದೆ ಹೀಗೆ ಪರೀಕ್ಷಿಸಬಹುದು ಅಂತ ಒಂದು ಸಾಲು ಸಾಕು.

ಬೆಳಿಗ್ಗೆ, ಮಧ್ಯಾಹ್ನದ ವಿಷಯ. ಊಟದ ನಂತರದ ತೂಕಡಿಕೆ ಅಂತ ಎಲ್ಲರೂ ಬರೆಯುತ್ತಾರೆ, ನೀವೂ ಬರೆಯುತ್ತೀರಿ, ಬರೆಯಿರಿ. ಆದರೆ ನಾನಾಗಿದ್ದರೆ ಊಟಕ್ಕಿಂತ ಕ್ಯಾಂಟೀನಿಗೆ ಹೆಚ್ಚು ಹೆದರುತ್ತಿದ್ದೆ. ಎರಡೂ ಗುಂಪಿಗೆ ಒಂದೇ ಪಟ್ಟಿ ಕೊಟ್ಟಿದ್ದೀರಿ. ಮಧ್ಯೆ ಮೂರು ಗಂಟೆ ಬಿಡುವು. ನನ್ನದೇ ಒಂದು ಕಥೆ ಹೇಳುತ್ತೇನೆ. ಓದುವ ಕಾಲದಲ್ಲಿ ಒಂದು ಹೈಸ್ಕೂಲಿನಲ್ಲಿ ನೆನಪಿನ ಪರೀಕ್ಷೆ ಮಾಡಿದ್ದೆ. ಎ ಸೆಕ್ಷನ್‌ಗೆ ಒಂದು ವಿಧಾನ, ಬಿ ಸೆಕ್ಷನ್‌ಗೆ ಇನ್ನೊಂದು. ಬಿ ಸೆಕ್ಷನ್ ಎಷ್ಟು ಚೆನ್ನಾಗಿ ಮಾಡಿತೆಂದರೆ ಒಂದು ವಾರ ನೆಲದ ಮೇಲೆ ನಡೆಯಲಿಲ್ಲ ನಾನು. ಆಮೇಲೆ ಹಾಳೆ ತಿರುಗಿಸಿ ನೋಡುವಾಗ ಒಬ್ಬ ಹುಡುಗ ನಾನು ತೋರಿಸದೇ ಬಿಟ್ಟಿದ್ದ ಪದವನ್ನೂ ಬರೆದಿದ್ದ. ಬಿ ಸೆಕ್ಷನ್‌ನಲ್ಲಿ ಒಂದು ಚೀಟಿ ಕೆಳಗೆ ಬಿದ್ದು ಆ ಪದ ತಪ್ಪಿಹೋಗಿತ್ತು. ಎ ಸೆಕ್ಷನ್‌ನಲ್ಲಿ ತೋರಿಸಿದ್ದೆ. ಇಂಟರ್‌ವಲ್‌ನಲ್ಲಿ ಪಟ್ಟಿ ಗೋಡೆ ದಾಟಿತ್ತು! ನಿಮ್ಮ ಮಧ್ಯಾಹ್ನದ ಗುಂಪಿಗೂ ಯಾರಾದರೂ ಎಲ್ಲಾ ತಿಂಡಿ ಹೆಸರೇ ಕಣೇ ಅಂತ ಹೇಳಿದ್ದರೆ ಅಷ್ಟೇ ಸಾಕು, ಹಾಡಿನ ಹಾನಿ ಮುಚ್ಚಿಹೋಗುತ್ತದೆ. ಮಧ್ಯಾಹ್ನ ಬಂದವರಲ್ಲಿ ನಾಲ್ಕೈದು ಜನರನ್ನು ಈಗಲೂ ಕೇಳಿ. ಅವರು ಏನು ಹೇಳಿದರು ಅಂತ ಹಾಗೇ ಬರೆಯಿರಿ.

ಇವೆಲ್ಲ ಸರಿಯಾಗಿದ್ದರೂ ಒಂದು ತೊಡಕು ಉಳಿಯುತ್ತಿತ್ತು. ನಿಮ್ಮ ಮೇಷ್ಟ್ರಿಗೆ ಬಹುಶಃ ಇದೇ ಹೆಚ್ಚು ಇಷ್ಟವಾಗುತ್ತದೆ. ನಿಮ್ಮ ಊಹೆ ಎಲ್ಲಿಂದ ಬಂತು? ಹಾಡು, ಮಾತು ನೆನಪಿಗೆ ಅಡ್ಡಿ ಅನ್ನುವ ಕೆಲಸದಲ್ಲಿ ಸಲಾಮೆ ಮತ್ತು ಬ್ಯಾಡ್ಲಿ ಹೆಸರು ಮುಖ್ಯ. 1989ರಲ್ಲಿ ಅವರು ಹಾಡುವ ದನಿ ಇರುವ ಸಂಗೀತ ಬರೀ ವಾದ್ಯಕ್ಕಿಂತ ಜಾಸ್ತಿ ಅಡ್ಡಿ ಮಾಡುತ್ತದೆ ಅಂತ ತೋರಿಸಿದರು. ಆದರೆ ಅವರು ಕೊಟ್ಟ ಕೆಲಸ ಏನು? ಅಂಕಿಗಳನ್ನು ತೋರಿಸಿ, ಅದೇ ಕ್ರಮದಲ್ಲಿ ಬರೆಯಲು ಹೇಳುವುದು. ಕ್ರಮ ತಪ್ಪಿದರೆ ತಪ್ಪು. ಕ್ರಮ ಹಿಡಿದಿಟ್ಟುಕೊಳ್ಳಲು ನಾವು ಮನಸ್ಸಿನಲ್ಲೇ ಏಳು, ಮೂರು, ಒಂಬತ್ತು ಅಂತ ಜಪ ಮಾಡುತ್ತಿರುತ್ತೇವೆ. ಹಾಡಿನ ಸಾಹಿತ್ಯ ಕಿವಿಗೆ ಬಿದ್ದಾಗ ಕೆಡುವುದು ಆ ಜಪ. ನೀವು ಯಾವ ಕ್ರಮದಲ್ಲಾದರೂ ಬರೆಯಿರಿ ಅಂದಿರಿ. ಆಗ ಜಪದ ಅಗತ್ಯ ಕಡಿಮೆ. ಅದೂ ಇಡ್ಲಿ, ಚಟ್ನಿ, ಸಾಂಬಾರ್ ಇರುವಾಗ ಜಪ ಯಾರಿಗೆ ಬೇಕು, ಅರ್ಥವೇ ಕೈಹಿಡಿದು ನಡೆಸುತ್ತದೆ. ಅಂದರೆ ಒಬ್ಬರು ಅಳೆದದ್ದನ್ನು ಓದಿ ಊಹೆ ಕಟ್ಟಿದಿರಿ, ಅಳೆಯಲು ಹೋದದ್ದು ಬೇರೆಯದನ್ನು. ಓದಿದ ಲೇಖನದಲ್ಲಿ ತೀರ್ಮಾನ ಮಾತ್ರ ಓದಿ ವಿಧಾನದ ಭಾಗ ಹಾರಿಸಿದರೆ ಹೀಗಾಗುತ್ತದೆ. ನಾವೆಲ್ಲ ಹಾರಿಸುತ್ತೇವೆ, ಅದು ಬೇರೆ ಮಾತು.

ಜನರ ಸಂಖ್ಯೆ ಬಗ್ಗೆ ಎರಡು ಮಾತು, ಜಾಸ್ತಿ ಬೇಡ. ಗುಂಪಿಗೆ 20 ಜನರಿದ್ದರೆ, ಎರಡು ಸರಾಸರಿಗಳ ನಡುವೆ ಸುಮಾರು 0.9 ಸ್ಟ್ಯಾಂಡರ್ಡ್ ಡೀವಿಯೇಷನ್‌ನಷ್ಟು ದೊಡ್ಡ ವ್ಯತ್ಯಾಸ ನಿಜವಾಗಿ ಇದ್ದರೆ ಮಾತ್ರ ನೂರಕ್ಕೆ 80 ಸಲ ಅದು ಟಿ ಟೆಸ್ಟಿನಲ್ಲಿ ಸಿಗುತ್ತದೆ. ಅರ್ಧ ಡೀವಿಯೇಷನ್‌ನಷ್ಟು ವ್ಯತ್ಯಾಸ ಹಿಡಿಯಬೇಕಾದರೆ ಗುಂಪಿಗೆ 64 ಜನ ಬೇಕು. ಅಷ್ಟು ಜನರನ್ನು ಎಲ್ಲಿಂದ ತರುತ್ತೀರಿ? ಒಬ್ಬರಿಗೇ ಎರಡೂ ಸನ್ನಿವೇಶ ಕೊಟ್ಟರೆ ಒಟ್ಟು 34 ಜನರಲ್ಲೇ ಮುಗಿಯಬಹುದು, ಒಬ್ಬೊಬ್ಬರ ಎರಡು ಅಂಕಗಳ ಅಂತರವೂ ಅದೇ ಅರ್ಧ ಡೀವಿಯೇಷನ್ ಇದ್ದರೆ. ಅರ್ಧ ಜನಕ್ಕೆ ಮೊದಲು ಹಾಡು, ಇನ್ನರ್ಧಕ್ಕೆ ಮೊದಲು ಮೌನ, ಎರಡು ಬೇರೆ ಬೇರೆ ಪಟ್ಟಿ. ಆಗ ಬೆಳಿಗ್ಗೆ, ಮಧ್ಯಾಹ್ನದ ಗೋಜಲೂ ಹೋಗುತ್ತದೆ.

ಪ್ರಬಂಧದಲ್ಲಿ ಫಲಿತಾಂಶವನ್ನು ಹೇಗೆ ಹೇಳುವುದು? ಹಾಡಿನಿಂದ ಪರಿಣಾಮವಿಲ್ಲ ಅಂತ ಮಾತ್ರ ಬರೆಯಬೇಡಿ. 0.55 ಅನ್ನುವುದಕ್ಕೆ ಆ ಅರ್ಥ ಇಲ್ಲ. ವ್ಯತ್ಯಾಸ 0.3 ಪದ, ಅದರ 95 ಪರ್ಸೆಂಟ್ ಕಾನ್ಫಿಡೆನ್ಸ್ ಇಂಟರ್‌ವಲ್ ಸುಮಾರು -0.7ರಿಂದ 1.3. ಅಂದರೆ ಹಾಡು ಮುಕ್ಕಾಲು ಪದದಷ್ಟು ಸಹಾಯ ಮಾಡುತ್ತದೆ ಅನ್ನುವುದರಿಂದ ಹಿಡಿದು, ಒಂದೂ ಕಾಲು ಪದದಷ್ಟು ಹಾನಿ ಮಾಡುತ್ತದೆ ಅನ್ನುವವರೆಗೆ ಎಲ್ಲವೂ ನಿಮ್ಮ ಅಂಕಗಳ ಜೊತೆ ಹೊಂದುತ್ತವೆ. ಇಷ್ಟು ಬರೆದ ಮೇಲೆ ಇನ್ನೊಂದು ಸಾಲು ಸೇರಿಸಿ. ಅಂಕಗಳು 15ರ ಹತ್ತಿರ ಒತ್ತಿಕೊಂಡಿರುವುದರಿಂದ ಈ ಇಂಟರ್‌ವಲ್ ಕೂಡ ನಿಜಕ್ಕಿಂತ ಕಿರಿದಾಗಿ ಕಾಣುತ್ತಿದೆ. ಅದನ್ನು ಈ ಪಟ್ಟಿಯ ಆಚೆಗೆ ಎಳೆಯಬಾರದು.

ಬರವಣಿಗೆಯ ದನಿ ಹೇಗಿರಬೇಕು ಅಂತ ಕೇಳಿದ್ದಿರಲ್ಲ. ನಾನಾಗಿದ್ದರೆ ಪ್ರಬಂಧವನ್ನು ಕಿಟಕಿಯಿಂದಲೇ ಶುರು ಮಾಡುತ್ತಿದ್ದೆ. ಸುಮಾರಾಗಿ ಹೀಗೆ:

"ಮೂವರ ಹೆಸರಿನ ಮುಂದೆ ನಾನು ಪೆನ್ಸಿಲಿನಲ್ಲಿ ಗಮನವಿಲ್ಲ ಅಂತ ಬರೆದಿದ್ದೆ. ಬರೆದದ್ದು ಅಂಕ ಕೂಡಿಸಿದ ಮೇಲೆ. ಅವರನ್ನು ತೆಗೆದು ಲೆಕ್ಕ ಹಾಕಿದಾಗ 0.03 ಬಂತು, ಖುಷಿಯಾಯಿತು. ಆಮೇಲೆ ಕೂತ ಜಾಗದ ನಕ್ಷೆ ತೆಗೆದು ನೋಡಿದೆ. ಅದೇ ಸಾಲಿನಲ್ಲಿ ಇನ್ನೂ ಮೂವರಿದ್ದರು, ಅವರಿಗೆ 14, 15, 15. ಅವರ ಹೆಸರಿನ ಮುಂದೆ ನಾನು ಏನೂ ಬರೆದಿರಲಿಲ್ಲ. ಆರೂ ಜನರನ್ನು ತೆಗೆದಾಗ 0.10 ಬಂತು. ಯಾರನ್ನೂ ತೆಗೆಯದಿದ್ದಾಗ 0.55. ಈ ಪ್ರಬಂಧದಲ್ಲಿ ಮೂರನ್ನೂ ಕೊಟ್ಟಿದ್ದೇನೆ. ನನ್ನ ಫಲಿತಾಂಶ ಅಂತ ಇಟ್ಟುಕೊಂಡಿರುವುದು 0.55 ಅನ್ನು."

ಇದು ನಿಮ್ಮ ಮಾತಾಗಬೇಕು, ನನ್ನದನ್ನು ಹಾಗೇ ಇಳಿಸಬೇಡಿ. ಪೆನ್ಸಿಲ್ ಇತ್ತೋ ಇಲ್ಲವೋ ನನಗೇನು ಗೊತ್ತು. ಆದರೆ ಇದರಲ್ಲಿ ಒಂದೂ ಭಾವನೆಯ ವಿವರಣೆ ಇಲ್ಲ ನೋಡಿ, ಖುಷಿಯಾಯಿತು ಅನ್ನುವ ಒಂದು ಪದ ಬಿಟ್ಟರೆ. ಯಾವಾಗ ಏನು ಮಾಡಿದೆ, ಯಾವುದನ್ನು ನೋಡಿ ಮನಸ್ಸು ಬದಲಾಯಿತು, ಅಷ್ಟೇ ಇದೆ. ಪ್ರತಿಫಲನ ಅಂದರೆ ಮೇಷ್ಟ್ರು ಹುಡುಕುವುದು ಆ ತಿರುವನ್ನು. ತುಂಬಾ ಕಲಿತೆ, ತಾಳ್ಮೆ ಬೆಳೆಯಿತು ಅನ್ನುವ ಸಾಲುಗಳಿಗೆ ನಾನು ಯಾವತ್ತೂ ಅಂಕ ಕೊಟ್ಟಿಲ್ಲ.

ಕಿಟಕಿಗೆ 200 ಪದ ಕೊಡಿ. ಪಟ್ಟಿ ಮತ್ತು ಸೀಲಿಂಗ್‌ಗೆ 250, ಗೊಂಚಲು ಎಣಿಸಿದ ಲೆಕ್ಕದ ಸಮೇತ. ಅಳೆದದ್ದೇ ಬೇರೆ ಅನ್ನುವುದಕ್ಕೆ 150. ಕ್ಯಾಂಟೀನು, ಬೆಳಿಗ್ಗೆ, ಮಧ್ಯಾಹ್ನ ಎಲ್ಲ ಸೇರಿ 60 ದಾಟಬಾರದು. ಉಳಿದ ಜಾಗದಲ್ಲಿ ಮತ್ತೆ ಮಾಡುವುದಾದರೆ ಹೇಗೆ ಅಂತ ಬರೆಯಿರಿ. ಹೆಚ್ಚು ಜನರನ್ನು ತೆಗೆದುಕೊಳ್ಳುತ್ತೇನೆ ಅಂತ ಬರೆದು ಮುಗಿಸಬೇಡಿ, ದಯವಿಟ್ಟು. ಇದೇ ಪಟ್ಟಿಯನ್ನು 400 ಜನಕ್ಕೆ ಕೊಟ್ಟರೆ ನೂರಕ್ಕೂ ಹೆಚ್ಚು ಜನ 15 ತೆಗೆಯುತ್ತಾರೆ, ಅಷ್ಟೇ. ಎಂಟೊಂಬತ್ತು ಅಂಕಿಗಳನ್ನು ಒಂದೊಂದಾಗಿ ತೋರಿಸಿ, ಅದೇ ಕ್ರಮದಲ್ಲಿ ಬರೆಸುವುದು ಒಂದು ದಾರಿ. ಪದಗಳೇ ಬೇಕು ಅಂದರೆ ಒಂದಕ್ಕೊಂದು ನಂಟಿಲ್ಲದ 30 ಪದ ತೆಗೆದುಕೊಳ್ಳಿ. ಬೀಗ, ಮೋಡ, ಚಿಕ್ಕಪ್ಪ, ಸುಣ್ಣ, ಈ ಥರ. ತೋರಿಸಿ ಮುಗಿದ ತಕ್ಷಣ ಬರೆಸಬೇಡಿ, 30 ಸೆಕೆಂಡು ಮೂರು ಮೂರು ಕಳೆಯುತ್ತಾ ಹಿಂದಕ್ಕೆ ಎಣಿಸಲು ಹೇಳಿ. ಇಲ್ಲದಿದ್ದರೆ ಪಟ್ಟಿಯ ಕೊನೆಯ ಮೂರ್ನಾಲ್ಕು ಪದ ಇನ್ನೂ ನಾಲಿಗೆ ತುದಿಯಲ್ಲೇ ಇರುತ್ತವೆ, ಎಲ್ಲರಿಗೂ ಪುಕ್ಕಟೆ ಅಂಕ. ಗ್ಲಾನ್ಜರ್ ಮತ್ತು ಕ್ಯುನಿಟ್ಸ್ 1966ರಲ್ಲೇ 30 ಸೆಕೆಂಡಿನ ಎಣಿಕೆಯಿಂದ ಆ ಅನುಕೂಲ ಹೊರಟುಹೋಗುತ್ತದೆ ಅಂತ ತೋರಿಸಿದ್ದಾರೆ. ಆಮೇಲೆ ಆರು ಜನರ ಪೈಲಟ್. ಸರಾಸರಿ ಅರ್ಧದ ಆಸುಪಾಸು ಬಂದರೆ ಮುಂದುವರಿಯಿರಿ.

ಅಂಕಗಳ ಹಾಳೆ, ಪಟ್ಟಿ, ಕೂತ ಜಾಗದ ನಕ್ಷೆ ಮೂರನ್ನೂ ಪ್ರಬಂಧದ ಹಿಂದೆ ಪಿನ್ ಮಾಡಿ. ಹೆಸರಿನ ಬದಲು ನಂಬರ್ ಹಾಕಿ. ನಕ್ಷೆಯನ್ನು ಚೆಂದಗಾಣಿಸಲು ಹೋಗಬೇಡಿ, ಕೈಯಲ್ಲಿ ಬರೆದದ್ದೇ ಇರಲಿ.

ಇನ್ನೊಂದು ಮರೆತೆ. ಮಧ್ಯಾಹ್ನ ಹಾಡಿನ ವಾಲ್ಯೂಮ್ ಎಷ್ಟಿತ್ತು, ಸ್ಪೀಕರ್ ಎಲ್ಲಿತ್ತು, ಕೊನೆಯ ಬೆಂಚಿಗೆ ಸಾಹಿತ್ಯ ಕೇಳಿಸುತ್ತಿತ್ತಾ ಅಂತ ನೀವು ಎಲ್ಲೂ ಬರೆದಿಲ್ಲ. ಫೋನಿನಿಂದ ಮೆಲ್ಲಗೆ ಹಾಕಿದ್ದರೆ ಹಿಂದಿನ ಸಾಲಿನವರಿಗೆ ಹಾಡೇ ಇರಲಿಲ್ಲ ಅಂತ ಅರ್ಥ. ಮಧ್ಯಾಹ್ನದ ನಕ್ಷೆಯಲ್ಲಿ ಹಿಂದಿನ ಎರಡು ಸಾಲಿನ ಅಂಕ ಬೇರೆ ಮಾಡಿ ಒಮ್ಮೆ ನೋಡಿ. ಏನೇ ಬಂದರೂ, ನೋಡಿದೆ ಅಂತ ಪ್ರಬಂಧದಲ್ಲಿ ಬರೆಯಿರಿ.